ಮೋಟಾರಿನ ಕಂಪನ ಎಷ್ಟಾದರೆ ಅಲಾರಂ ಹೊಡೆಯಬೇಕು?

ಪ್ರಶ್ನೆ: ನಮ್ಮ ಸಣ್ಣ ಫ್ಯಾಕ್ಟರಿಯ ಕಂಪ್ರೆಸರ್ ಮೋಟಾರಿಗೆ ವೈಬ್ರೇಶನ್ ಸೆನ್ಸರ್ ಹಾಕಿದ್ದೇವೆ. ಸುಮ್ನೆ ಸುಮ್ನೆ ಅಲಾರಂ ಬರುತ್ತದೆ. ಮಿತಿ ಎಷ್ಟಿಡಬೇಕು?

ಎಲ್ಲ ಮೋಟಾರಿಗೂ ಹೊಂದುವ ಒಂದು ಅಂಕಿ ಇಲ್ಲ. ಸ್ಟ್ಯಾಂಡರ್ಡ್ ಪಟ್ಟಿಗಳಿವೆ, ಆದರೆ ಅವು ಒಟ್ಟು ಸ್ಥಿತಿ ಹೇಳುತ್ತವೆ, ನಿಮ್ಮ ಮೋಟಾರು ನಿನ್ನೆಗಿಂತ ಇವತ್ತು ಬದಲಾಗಿದೆಯಾ ಅನ್ನುವುದನ್ನಲ್ಲ. ಅದಕ್ಕೆ ಆ ಮೋಟಾರನ್ನು ಅದರ ಹಳೆಯ ರೀಡಿಂಗ್ ಜೊತೆಗೇ ಹೋಲಿಸಬೇಕು.

ಸುಳ್ಳು ಅಲಾರಂಗೆ ಮೊದಲ ಅನುಮಾನ ಲೋಡ್ ಮೇಲೆ. ಕಂಪ್ರೆಸರ್ ಖಾಲಿ ಓಡುವಾಗ 0.9 ಮಿ.ಮೀ./ಸೆಕೆಂಡ್ ಇದ್ದದ್ದು, ಗಾಳಿ ತುಂಬುವಾಗ 1.6 ಆಗಬಹುದು. ಎರಡನ್ನೂ ಬೆರೆಸಿದರೆ ಲೆಕ್ಕವೇ ಕೆಡುತ್ತದೆ. ಮೋಟಾರಿನ ಕರೆಂಟನ್ನೂ ಜೊತೆಗೇ ಅಳೆದು, ಲೋಡ್ ಇದ್ದಾಗಿನ ರೀಡಿಂಗ್ ಮಾತ್ರ ಇಟ್ಟುಕೊಳ್ಳಿ.

ಮೋಟಾರು ಚೆನ್ನಾಗಿದ್ದಾಗ ಒಂದೆರಡು ವಾರ ರೀಡಿಂಗ್ ಸೇರಿಸಿ. ವಿಷಯ ತಿಳಿಯಲು ಏಳೇ ಸಾಕು: 1.5, 1.5, 1.6, 1.6, 1.7, 1.7, 6.0. ಕೊನೆಯದು ಯಾರೋ ಪಕ್ಕದಲ್ಲಿ ಭಾರದ ಸಾಮಾನು ಕೆಡವಿದಾಗಿನದು ಅಂದುಕೊಳ್ಳಿ. ಸ್ಟ್ಯಾಂಡರ್ಡ್ ಡೀವಿಯೇಶನ್ ಅಂದರೆ ರೀಡಿಂಗ್‌ಗಳು ಎಷ್ಟು ಚದುರಿವೆ ಅನ್ನುವ ಅಳತೆ. ಸರಾಸರಿಗೆ ಅದರ ನಾಲ್ಕರಷ್ಟು ಕೂಡಿಸಿದರೆ ಮಿತಿ 8 ದಾಟುತ್ತದೆ. ಅಲ್ಲಿವರೆಗೆ ಕಾದರೆ ಬೇರಿಂಗ್ ಉಳಿದಿರುತ್ತಾ? ಅದೇ ಮೀಡಿಯನ್, ಅಂದರೆ ರೀಡಿಂಗ್‌ಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ ಹಿಡಿದು, ಚದುರುವಿಕೆಯನ್ನೂ ಮೀಡಿಯನ್‌ನಿಂದಲೇ ಅಳೆದು, ಅದನ್ನು ಸ್ಟ್ಯಾಂಡರ್ಡ್ ಡೀವಿಯೇಶನ್ ಅಳತೆಗೆ ತರಲು 1.4826ರಿಂದ ಗುಣಿಸಿ ಲೆಕ್ಕ ಹಾಕಿದರೆ ಮಿತಿ ಸುಮಾರು 2.2. ಆ ಒಂದು ಕೆಟ್ಟ ರೀಡಿಂಗ್ ಲೆಕ್ಕವನ್ನು ಅಲ್ಲಾಡಿಸುವುದಿಲ್ಲ.

```python
import numpy as np

x = np.array([1.5, 1.5, 1.6, 1.6, 1.7, 1.7, 6.0])
m = np.median(x)
s = 1.4826 * np.median(np.abs(x - m))
limit = m + 4 * s
```

ರೀಡಿಂಗ್ ಒಮ್ಮೆ ಮಿತಿ ದಾಟಿತು ಅಂತ ಅಲಾರಂ ಬೇಡ. ಸತತ ಮೂರು ದಾಟಿದರೆ ಹೊಡೆಯಲಿ. ಅರ್ಧಕ್ಕರ್ಧ ಕಿರಿಕಿರಿ ಇಲ್ಲೇ ಮುಗಿಯುತ್ತದೆ ಅನ್ನೋದು ನನ್ನ ಅಂದಾಜು.

ಒಂದು ತಪ್ಪು ಮಾತ್ರ ಮಾಡಬೇಡಿ. ಮಿತಿಯನ್ನು ಪ್ರತಿ ವಾರ ಹೊಸ ಡೇಟಾದಿಂದ ತಾನಾಗಿ ಬದಲಾಗಲು ಬಿಡಬೇಡಿ. ಬೇರಿಂಗ್ ನಿಧಾನವಾಗಿ ಸವೆಯುತ್ತದೆ, ಮಿತಿಯೂ ಅದರ ಹಿಂದೆಯೇ ಮೇಲೇರುತ್ತದೆ, ಅಲಾರಂ ಬರುವುದೇ ಇಲ್ಲ. ಬೇರಿಂಗ್ ಬದಲಿಸಿದಾಗ ಅಥವಾ ಮೋಟಾರನ್ನು ಬೇರೆ ಕಡೆ ಕೂರಿಸಿದಾಗ ಮಾತ್ರ ಹೊಸದಾಗಿ ಲೆಕ್ಕ ಹಾಕಿ.

ರೀಡಿಂಗ್ ದಿಢೀರನೆ ಇಳಿದರೆ ಖುಷಿ ಪಡಬೇಡಿ. ಹೆಚ್ಚಾಗಿ ಸೆನ್ಸರೇ ಸಡಿಲವಾಗಿರುತ್ತದೆ. ಮೆತ್ತನೆಯ ಟೇಪಿನಲ್ಲಿ ಅಂಟಿಸಿದ್ದರೆ ಕಂಪನ ಅದರಲ್ಲೇ ಹೀರಿ ಹೋಗುತ್ತದೆ. ಬೇರಿಂಗ್ ಇರುವ ಕಡೆ, ಬಣ್ಣ ಕೆರೆದ ಲೋಹದ ಮೇಲೆ ಸ್ಕ್ರೂ ಹಾಕಿ ಕೂರಿಸಿ.

ಈ ವಿಧಾನಕ್ಕೂ ಮಿತಿ ಇದೆ. ಬ್ಯಾಲೆನ್ಸ್ ತಪ್ಪಿದ್ದು, ಫೌಂಡೇಶನ್ ಬೋಲ್ಟ್ ಸಡಿಲವಾದದ್ದು ಇದರಲ್ಲಿ ಬೇಗ ಕಾಣುತ್ತದೆ. ಬೇರಿಂಗಿನ ಮೊದಲ ಸಣ್ಣ ಗುಳಿ ಹಾಗಲ್ಲ. ಅದು ಸೆಕೆಂಡಿಗೆ ಸಾವಿರಾರು ಸಲದ ಚುರುಕು ಕಂಪನವಾಗಿ ಶುರುವಾಗುತ್ತದೆ, ಅಗ್ಗದ ನಿಧಾನದ ಸೆನ್ಸರ್ ಅದನ್ನು ಹಿಡಿಯುವುದಿಲ್ಲ. ಅದನ್ನೂ ಹಿಡಿಯಬೇಕಿದ್ದರೆ ಜಾಸ್ತಿ ವೇಗದ ಸೆನ್ಸರ್ ಬೇಕು. ಇಲ್ಲವಾದರೆ ಅಲಾರಂ ಬಂದ ದಿನ ಕಾಯದೆ ಮೋಟಾರು ನಿಲ್ಲಿಸಿ, ಮೊದಲು ಬೋಲ್ಟ್ ನೋಡಿ, ಆಮೇಲೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಬೇರಿಂಗ್ ಒರಟಾಗಿದೆಯಾ ಅಂತ ಪರೀಕ್ಷಿಸಿ.