ಅಂಕ ಸರಿ ಇದ್ದರೆ ಪಟ್ಟಿಯೂ ಸರಿ ಅಲ್ವಾ?

"ನಮ್ಮ ಉದ್ಯೋಗ ಸೈಟಿನಲ್ಲಿ ಅಭ್ಯರ್ಥಿಗಳನ್ನು ಅಂಕದ ಪ್ರಕಾರವೇ ಜೋಡಿಸುತ್ತೇವೆ. ಗಂಡು, ಹೆಣ್ಣು ಅಂತ ನೋಡುವುದೇ ಇಲ್ಲ. ಮತ್ತೆ ಅನ್ಯಾಯ ಎಲ್ಲಿಂದ ಬಂತು?" ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರಿಸಿದರೂ ಅದು ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ.

ಈ ಪ್ರಶ್ನೆಯ ಬೇರಿನಲ್ಲಿ ಒಂದು ಗಟ್ಟಿ ನಂಬಿಕೆ ಇದೆ: ಮೇಲಿರುವವರಿಗೆ ಸಿಗುವ ಗಮನ ಅವರ ಯೋಗ್ಯತೆಗೆ ತಕ್ಕಷ್ಟೇ ಇರುತ್ತದೆ ಎಂಬುದು. ಅದು ತಪ್ಪು. ಕಂಪ್ಯೂಟರ್ ವಿಜ್ಞಾನಿಗಳಾದ ಅಶುದೀಪ್ ಸಿಂಗ್ ಮತ್ತು ಥಾರ್ಸ್ಟನ್ ಜೋಕಿಮ್ಸ್ 2018ರ ತಮ್ಮ ಪ್ರಬಂಧದಲ್ಲಿ ಇದಕ್ಕೊಂದು ಸಣ್ಣ ಉದಾಹರಣೆ ಕೊಟ್ಟಿದ್ದಾರೆ. ಒಂದು ಕೆಲಸಕ್ಕೆ ಆರು ಅಭ್ಯರ್ಥಿಗಳು. ಆ ಕೆಲಸಕ್ಕೆ ಅವರು ಎಷ್ಟು ತಕ್ಕವರು ಎಂಬುದಕ್ಕೆ ತಲಾ ಒಂದು ಅಂಕ. ಮೂವರು ಗಂಡಸರ ಅಂಕ 0.82, 0.81, 0.80. ಮೂವರು ಹೆಂಗಸರದು 0.79, 0.78, 0.77. ಎರಡು ಗುಂಪಿನ ಸರಾಸರಿಗೂ ವ್ಯತ್ಯಾಸ ಬರೀ 0.03.

ಈಗ ಇವರನ್ನು ಅಂಕದ ಪ್ರಕಾರ ನಿಲ್ಲಿಸಿ. ಪಟ್ಟಿ ನೋಡುವವರ ಕಣ್ಣು ಕೆಳಗಿಳಿದಂತೆ ಗಮನ ಕಡಿಮೆಯಾಗುತ್ತದೆ. ಅದನ್ನು ಅಳೆಯಲು ಸಾಮಾನ್ಯವಾಗಿ ಬಳಸುವ ಸೂತ್ರ ಇದು:

```
1 / log2(1 + rank)
```

rank ಅಂದರೆ ಪಟ್ಟಿಯಲ್ಲಿನ ಸ್ಥಾನ. ಈ ಸೂತ್ರದ ಪ್ರಕಾರ ಮೊದಲ ಸ್ಥಾನಕ್ಕೆ 1, ಎರಡನೆಯದಕ್ಕೆ 0.63, ಮೂರನೆಯದಕ್ಕೆ 0.5, ಆರನೆಯದಕ್ಕೆ 0.36. ಗಂಡಸರ ಸರಾಸರಿ 0.71, ಹೆಂಗಸರದು 0.39. ಯೋಗ್ಯತೆಯಲ್ಲಿ 51ಕ್ಕೆ 49 ಇದ್ದ ಪಾಲು ಗಮನದಲ್ಲಿ 64ಕ್ಕೆ 36 ಆಯಿತು! ಇಲ್ಲಿ ಯಾರೂ ಭೇದ ಮಾಡಿಲ್ಲ, ಅಂಕವೂ ತಪ್ಪಿಲ್ಲ. ಸಾಲಾಗಿ ನಿಲ್ಲಿಸಿದ ತಕ್ಷಣ 0.82 ಮತ್ತು 0.81ರ ನಡುವಿನ ಕೂದಲೆಳೆ ಅಂತರ ಮರೆತುಹೋಗಿ ಒಂದು, ಎರಡು ಎಂಬ ಸ್ಥಾನ ಮಾತ್ರ ಉಳಿಯಿತು, ಅಷ್ಟೇ. ಎರಡನೆಯವರ ಅಂಕ 0.81 ಆಗಿದ್ದರೂ 0.3 ಆಗಿದ್ದರೂ ಆ ಸ್ಥಾನಕ್ಕೆ ಸಿಗುವುದು ಅದೇ 0.63. ಅಂದಮೇಲೆ ಗಮನವು ಯೋಗ್ಯತೆಯ ಅಳತೆ ಹೇಗಾದೀತು?

ಇಷ್ಟು ಹೇಳಿದ ಮೇಲೆ ಮುಂದಿನ ಆಕ್ಷೇಪ ಬರುತ್ತದೆ: "ಸ್ಥಾನ ಅದಲುಬದಲು ಮಾಡಿದರೆ ಗುಣಮಟ್ಟ ಹಾಳಾಗುತ್ತೆ." ಅದನ್ನೂ ಲೆಕ್ಕ ಹಾಕೋಣ. ಒಂದೇ ಪಟ್ಟಿಯಲ್ಲಿ ನ್ಯಾಯ ಸಿಗುವುದಿಲ್ಲ, ಏಕೆಂದರೆ ಮೊದಲ ಸ್ಥಾನ ಒಂದೇ ಇರುವುದು. ಆದರೆ ಅದೇ ಹುಡುಕಾಟವನ್ನು ಸಾವಿರಾರು ಜನ ಮಾಡುತ್ತಾರೆ. ಎಲ್ಲರಿಗೂ ಒಂದೇ ಪಟ್ಟಿ ತೋರಿಸಬೇಕು ಅಂತ ಏನಿದೆ? ಎರಡು ಪಟ್ಟಿ ಮಾಡಿ. ಎರಡರಲ್ಲೂ ಗಂಡು ಹೆಣ್ಣು ಒಂದು ಬಿಟ್ಟು ಒಂದು ಬರಲಿ. ಆಯಾ ಗುಂಪಿನೊಳಗೆ ಅಂಕದ ಕ್ರಮ ಹಾಗೇ ಇರಲಿ. ಒಂದು ಪಟ್ಟಿ 0.82ರಿಂದ ಶುರುವಾಗಲಿ, ಇನ್ನೊಂದು 0.79ರಿಂದ. ಮೊದಲನೆಯದನ್ನು 100ರಲ್ಲಿ 57 ಸಲ, ಎರಡನೆಯದನ್ನು 43 ಸಲ ತೋರಿಸಿದರೆ ಗಮನದ ಪಾಲು 51ಕ್ಕೆ 49ಕ್ಕೆ ಬಂದು ನಿಲ್ಲುತ್ತದೆ. ನಷ್ಟ ಎಷ್ಟು? ಪ್ರತಿ ಅಂಕವನ್ನು ಅದರ ಸ್ಥಾನದ ಗಮನದಿಂದ ಗುಣಿಸಿ ಕೂಡಿದರೆ ಹಳೆಯ ಪಟ್ಟಿಗೆ 2.647, ಹೊಸ ಏರ್ಪಾಡಿಗೆ 2.637. ಸಾವಿರಕ್ಕೆ ನಾಲ್ಕು ಪಾಲು ಕಡಿಮೆ.

ಎಲ್ಲ ಕಡೆ ಇಷ್ಟು ಅಗ್ಗವಾಗಿ ಆಗುವುದಿಲ್ಲ. ಒಬ್ಬರ ಅಂಕ 0.8, ಇನ್ನೊಬ್ಬರದು 0.2 ಇದ್ದರೆ ಅವರ ಸ್ಥಾನ ಅದಲುಬದಲು ಮಾಡಲು ಬೆಲೆ ಜಾಸ್ತಿ ತೆರಬೇಕಾಗುತ್ತದೆ. ಇನ್ನೊಂದು ಕೊರತೆಯೂ ಇದೆ: ಗುಂಪುಗಳ ಪಾಲು ಸರಿಹೋದರೂ, 0.77ರವರು ಎರಡೂ ಪಟ್ಟಿಯಲ್ಲಿ ತಮ್ಮ ಗುಂಪಿನ ತಳದಲ್ಲೇ ಉಳಿದರು. ಅವರಿಗೂ ನ್ಯಾಯ ಬೇಕೆಂದರೆ ಪಟ್ಟಿಗಳ ಸಂಖ್ಯೆ ಹೆಚ್ಚಿಸಿ, ಸರದಿಯನ್ನು ವ್ಯಕ್ತಿ ವ್ಯಕ್ತಿಗೂ ಹಂಚಬೇಕು.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಆ 0.82 ಬಂದದ್ದಾದರೂ ಎಲ್ಲಿಂದ? ಬಹಳ ಕಡೆ ಹಳೆಯ ಕ್ಲಿಕ್‌ಗಳಿಂದ. 2005ರಲ್ಲಿ ಜೋಕಿಮ್ಸ್ ಮತ್ತು ಸಂಗಡಿಗರು ಹುಡುಕಾಟದ ಮೊದಲ ಎರಡು ಫಲಿತಾಂಶಗಳನ್ನು ಗೊತ್ತಾಗದಂತೆ ಅದಲುಬದಲು ಮಾಡಿ ನೋಡಿದ್ದರು. ಜನ ಆಗಲೂ ಮೇಲಿದ್ದದ್ದನ್ನೇ ಹೆಚ್ಚು ಒತ್ತಿದರು. ಅಂದರೆ ಕ್ಲಿಕ್‌ನಲ್ಲಿ ಸ್ಥಾನದ ಪಾಲೂ ಸೇರಿರುತ್ತದೆ. ಅದನ್ನು ಬೇರ್ಪಡಿಸದೆ ಅಂಕ ಮಾಡಿದರೆ ನಿನ್ನೆ ಮೇಲಿದ್ದವರು ಇಂದೂ ಮೇಲೆ, ನಾಳೆಯೂ ಮೇಲೆ.

ಬೇರ್ಪಡಿಸುವುದು ಕಷ್ಟವೇನಲ್ಲ. ನೂರರಲ್ಲಿ ಒಂದೆರಡು ಹುಡುಕಾಟಗಳಲ್ಲಿ ಮೊದಲನೆಯದನ್ನೂ ಐದನೆಯದನ್ನೂ ಸುಮ್ನೆ ಅದಲುಬದಲು ಮಾಡಿ. ಅದೇ ಅಭ್ಯರ್ಥಿಗಳಿಗೆ ಮೇಲಿದ್ದಾಗ 100 ಕ್ಲಿಕ್ ಬಂದು, ಅಷ್ಟೇ ಸಲ ಕೆಳಗೆ ತೋರಿಸಿದಾಗ 20 ಬಂದರೆ ಐದನೆಯ ಸ್ಥಾನದ ಗಮನ 0.2. ಮೇಲಿನ ಸೂತ್ರ ಅಲ್ಲಿಗೆ 0.39 ಕೊಡುತ್ತದೆ. ನಿಮ್ಮ ಪುಟದಲ್ಲಿ ಗಮನ ಅದಕ್ಕಿಂತ ಎಷ್ಟು ಕಡಿದಾಗಿ ಇಳಿಯುತ್ತಿದೆ ಎಂಬುದು ಆಗ ಗೊತ್ತಾಗುತ್ತದೆ. ಆ ಸ್ಥಾನದಲ್ಲಿ ಬಂದ ಪ್ರತಿ ಕ್ಲಿಕ್ಕನ್ನು 0.2ರಿಂದ ಭಾಗಿಸಿ, ಅಂದರೆ ಐದು ಎಂದು ಎಣಿಸಿ, ಆಮೇಲೆ ಅಂಕ ಹಾಕಿ.