ಮುಖ್ಯ ವಿಚಾರಣೆಗೂ ಪಾಟೀ ಸವಾಲಿಗೂ ನಡುವೆ: ಸಾಕ್ಷಿಗೆ ಎದುರಾಗುವುದೇನು?

ಸಾಕ್ಷ್ಯ ಕಾನೂನು ಓದುವಾಗ ನಾವು ಕಲಂಗಳನ್ನು ನೆನಪಿಟ್ಟುಕೊಳ್ಳುತ್ತೇವೆ. ಕಟಕಟೆಯಲ್ಲಿ ನಿಂತವರ ಕಡೆಯಿಂದ ನೋಡುವುದು ಕಡಿಮೆ. ಆದ್ದರಿಂದ ಒಂದು ಕಾಲ್ಪನಿಕ ಪ್ರಕರಣ ಇಟ್ಟುಕೊಳ್ಳೋಣ. ರಾತ್ರಿ ಎಂಟರ ಹೊತ್ತಿಗೆ ಬಸ್ ನಿಲ್ದಾಣದ ಬಳಿ ಒಬ್ಬನ ಮೇಲೆ ಮಚ್ಚಿನಿಂದ ಹಲ್ಲೆ ನಡೆಯುತ್ತದೆ. ಎದುರಿನ ಚಹಾ ಅಂಗಡಿಯ ಮಹಿಳೆ ಅದನ್ನು ನೋಡಿದ್ದಾರೆ. ಆರೋಪ ಕೊಲೆ ಯತ್ನ. ಒಂದೂವರೆ ವರ್ಷದ ನಂತರ ಅವರಿಗೆ ಸೆಷನ್ಸ್ ನ್ಯಾಯಾಲಯದಿಂದ ಸಮನ್ಸ್ ಬರುತ್ತದೆ.

ಪ್ರಮಾಣ ವಚನದ ನಂತರ ಮೊದಲು ಸರ್ಕಾರಿ ಅಭಿಯೋಜಕರು ಪ್ರಶ್ನೆ ಕೇಳುತ್ತಾರೆ. ಇದು ಮುಖ್ಯ ವಿಚಾರಣೆ. ಇಲ್ಲಿ ಉತ್ತರವನ್ನೇ ಸೂಚಿಸುವ ಪ್ರಶ್ನೆಗಳನ್ನು ಸಾಮಾನ್ಯವಾಗಿ ಕೇಳುವಂತಿಲ್ಲ. ಪಾಟೀ ಸವಾಲಿನಲ್ಲಿ ಆರೋಪಿ ಪರ ವಕೀಲರು ಅಂಥ ಪ್ರಶ್ನೆಗಳನ್ನೇ ಕೇಳಬಹುದು. ಸಾಕ್ಷಿ ಹೌದು ಅಥವಾ ಅಲ್ಲ ಎಂದರೆ ಸಾಕೆಂಬಂತೆ ಅವನ್ನು ಕಟ್ಟುತ್ತಾರೆ. ಕನ್ನಡದ ಸಾಕ್ಷ್ಯ ಪತ್ರಗಳಲ್ಲಿ 'ಎಂದರೆ ಸರಿ', 'ಎಂದರೆ ಸರಿಯಲ್ಲ' ಎಂದು ಸಾಲುಗಟ್ಟಿ ಬರುವುದು ಇದೇ ಕಾರಣಕ್ಕೆ.

ವಕೀಲರ ಕೈಯಲ್ಲಿ ಸಾಕ್ಷಿ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯ ಪ್ರತಿ ಇರುತ್ತದೆ. ತನಿಖಾಧಿಕಾರಿ ಬರೆದುಕೊಂಡ ಈ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯುವಂತಿಲ್ಲ. ಅದು ತಾನಾಗಿಯೇ ಸಾಕ್ಷ್ಯವೂ ಅಲ್ಲ. ಮುಖ್ಯವಾಗಿ ವಿರೋಧಾಭಾಸ ತೋರಿಸಲು ಬಳಕೆಯಾಗುತ್ತದೆ. ಚಹಾ ಅಂಗಡಿಯವರು ನ್ಯಾಯಾಲಯದಲ್ಲಿ 'ಬೀದಿ ದೀಪ ಉರಿಯುತ್ತಿತ್ತು, ಮುಖ ಕಂಡಿತು' ಎನ್ನುತ್ತಾರೆ. ಹೇಳಿಕೆಯಲ್ಲಿ ದೀಪದ ಮಾತೇ ಇಲ್ಲ. 'ದೀಪದ ವಿಷಯವನ್ನು ನೀವು ಪೊಲೀಸರ ಮುಂದೆ ಹೇಳಿಲ್ಲ ಎಂದರೆ ಸರಿಯೇ?' ಎಂಬ ಪ್ರಶ್ನೆ ಬಂದೇ ಬರುತ್ತದೆ.

ಪ್ರಾಮಾಣಿಕ ಸಾಕ್ಷಿ ತಡವರಿಸುವುದು ಇಲ್ಲೇ. ಹೇಳಿದ್ದು ನೆನಪಿದ್ದರೆ 'ಹೇಳಿದ್ದೆ' ಎನ್ನಬೇಕು, ಪೊಲೀಸರು ಕೇಳದಿದ್ದರೆ 'ಅವರು ಕೇಳಲಿಲ್ಲ' ಎನ್ನಬೇಕು, ನೆನಪಿಲ್ಲದಿದ್ದರೆ ಹಾಗೆಂದೇ ಹೇಳಬೇಕು. ಊಹಿಸಿ ತುಂಬಿಸಿದ ಉತ್ತರ ಮುಂದಿನ ಪ್ರಶ್ನೆಗೆ ದಾರಿ ಮಾಡಿಕೊಡುತ್ತದೆ. ಹೇಳಿಕೆಯಲ್ಲಿ ಬಿಟ್ಟುಹೋದದ್ದೆಲ್ಲ ವಿರೋಧಾಭಾಸವಲ್ಲ ಎಂಬುದನ್ನೂ ಗಮನಿಸಿ: ಆ ಲೋಪ ಪ್ರಕರಣಕ್ಕೆ ಮುಖ್ಯವಾದದ್ದಾಗಿರಬೇಕು, ನಂತರ ತನಿಖಾಧಿಕಾರಿಯ ಸಾಕ್ಷ್ಯದ ಮೂಲಕ ಅದನ್ನು ರುಜುವಾತು ಮಾಡಬೇಕು. ಸಾಕ್ಷ್ಯ ಮುಗಿದ ಮೇಲೆ ಬರೆದುಕೊಂಡದ್ದನ್ನು ಸಾಕ್ಷಿಗೆ ಓದಿ ಹೇಳಬೇಕು. ತಪ್ಪಿದ್ದರೆ ತಿದ್ದುಪಡಿ ಕೇಳುವ ಹಕ್ಕು ಅವರಿಗಿದೆ. ಅವಸರದಲ್ಲಿ ಸಹಿ ಹಾಕಿ ಹೊರಟರೆ ಅದು ಕೈತಪ್ಪುತ್ತದೆ. ಅವಮಾನಿಸುವುದಷ್ಟೇ ಉದ್ದೇಶವಾದ ಪ್ರಶ್ನೆಗಳನ್ನು ನ್ಯಾಯಾಧೀಶರು ತಡೆಯಬೇಕೆಂದೂ ಕಾನೂನು ಹೇಳುತ್ತದೆ.

ಆದರೆ ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯದ ಹೊತ್ತು ಪಾಟೀ ಸವಾಲಲ್ಲ, ಅದಕ್ಕೆ ಮೊದಲಿನ ಬಿಡುವು. ಮುಖ್ಯ ವಿಚಾರಣೆ ಮುಗಿದೊಡನೆ ವಕೀಲರು ಕಾಲಾವಕಾಶ ಕೇಳುತ್ತಾರೆ, ನ್ಯಾಯಾಲಯ ಮುಂದೂಡುತ್ತದೆ. ಸಾಕ್ಷಿ ಏನು ಹೇಳಿದರೆಂದು ಆಗ ಆರೋಪಿಗೆ ಗೊತ್ತಾಗಿರುತ್ತದೆ. 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ವಿನೋದ್ ಕುಮಾರ್ ಪ್ರಕರಣದಲ್ಲಿ ಪಾಟೀ ಸವಾಲು ನಡೆದದ್ದು 20 ತಿಂಗಳ ನಂತರ. ಅಷ್ಟರಲ್ಲಿ ಸಾಕ್ಷಿ ಮಾತು ಬದಲಿಸಿದ್ದರು. ಈ ಪದ್ಧತಿಯನ್ನು ನ್ಯಾಯಾಲಯ ಕಟುವಾಗಿ ಟೀಕಿಸಿತು. ಸಾಕ್ಷಿ ಪ್ರತಿಕೂಲವಾದರೂ ಮೊದಲಿನ ಸಾಕ್ಷ್ಯದಲ್ಲಿ ನಂಬಲರ್ಹವಾದ ಭಾಗವನ್ನು ಪರಿಗಣಿಸಬಹುದು ಎಂದು ಶಿಕ್ಷೆಯನ್ನೂ ಎತ್ತಿಹಿಡಿಯಿತು.

ಈಗ ನಮ್ಮ ಸಾಕ್ಷಿಯ ಪಾಟೀ ಸವಾಲು ಮುಂದಿನ ತಿಂಗಳಿಗೆ ಹೋಗಿದೆ ಎನ್ನಿ. ಒಂದು ಸಂಜೆ ಇಬ್ಬರು ಅಂಗಡಿಗೆ ಬಂದು 'ಮುಖ ಕಾಣಲಿಲ್ಲ ಎಂದು ಹೇಳಿ, ಮಗ ಕಾಲೇಜಿಗೆ ಹೋಗುತ್ತಾನಲ್ಲ' ಎನ್ನುತ್ತಾರೆ. ಸುಳ್ಳು ಸಾಕ್ಷ್ಯ ನುಡಿಯುವಂತೆ ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಂನಡಿ ಏಳು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದಾದ ಅಪರಾಧ. ಠಾಣೆಗೆ ದೂರು ಕೊಟ್ಟು, ಅಭಿಯೋಜಕರಿಗೂ ತಿಳಿಸಬೇಕು. ಆರೋಪಿ ಜಾಮೀನಿನ ಮೇಲಿದ್ದು ಬೆದರಿಕೆಯ ಹಿಂದೆ ಅವನಿರುವುದು ಕಂಡುಬಂದರೆ ಜಾಮೀನು ರದ್ದುಪಡಿಸಲು ಅರ್ಜಿ ಹಾಕಬಹುದು.

ರಕ್ಷಣೆಗೆ ಪ್ರತ್ಯೇಕ ಅರ್ಜಿಯಿದೆ. ಮಹೇಂದರ್ ಚಾವ್ಲಾ ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಂತೆ ಅದು ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು ಅದರ ಅಧ್ಯಕ್ಷರು. ಉಪವಿಭಾಗದ ಪೊಲೀಸ್ ಅಧಿಕಾರಿ ಬೆದರಿಕೆಯ ಕುರಿತು ವರದಿ ಕೊಡುತ್ತಾರೆ. ಜೀವಕ್ಕೆ ಅಪಾಯ, ಸುರಕ್ಷತೆ, ಗೌರವ ಅಥವಾ ಆಸ್ತಿಗೆ ಅಪಾಯ, ಅದಕ್ಕಿಂತ ಕಡಿಮೆಯ ಕಿರುಕುಳ ಎಂದು ಮೂರು ವರ್ಗಗಳಿವೆ. ಮಗನ ಹೆಸರೆತ್ತಿ ಕೊಟ್ಟ ಬೆದರಿಕೆ ಯಾವ ವರ್ಗಕ್ಕೆ ಸೇರುತ್ತದೆಂಬುದು ಆ ವರದಿಯ ಮೇಲೆ ನಿಂತಿರುವುದರಿಂದ ದಿನ, ಹೊತ್ತು, ಆಡಿದ ಮಾತು, ಬಂದವರ ಗುರುತು ಎಲ್ಲವನ್ನೂ ಅರ್ಜಿಯಲ್ಲಿ ಬರೆಯಬೇಕು. ಮನೆಯ ಸುತ್ತ ಗಸ್ತು, ನ್ಯಾಯಾಲಯಕ್ಕೆ ಬೆಂಗಾವಲು, ಆರೋಪಿ ಎದುರಾಗದಂತಹ ವ್ಯವಸ್ಥೆ, ತಾತ್ಕಾಲಿಕವಾಗಿ ಬೇರೆಡೆ ವಾಸ ಇಂಥವು ಸಿಗಬಹುದು.

ಮಿತಿಗಳೂ ಇವೆ. ಈ ಯೋಜನೆ ಮುಖ್ಯವಾಗಿ ಗಂಭೀರ ಅಪರಾಧಗಳಿಗೆ. ಸಣ್ಣ ಕಳ್ಳತನದ ಸಾಕ್ಷಿಗೆ ಈ ಬಾಗಿಲು ತೆರೆಯುವುದಿಲ್ಲ. ರಕ್ಷಣೆಯ ಆದೇಶ ಒಮ್ಮೆಗೆ ಮೂರು ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ನಮ್ಮ ಸಾಕ್ಷಿಯ ಪಾಟೀ ಸವಾಲು ಮತ್ತೆ ಮುಂದಕ್ಕೆ ಹೋದರೆ, ಅವಧಿ ತೀರುವ ಮೊದಲೇ ಮತ್ತೊಮ್ಮೆ ಕೇಳಿಕೊಳ್ಳಬೇಕು.