ಭಾವನ ಜಿಮ್ ಚಾರ್ಟು

ಭಾವ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೈಲಿನ ಹೆಸರೇ ಅರ್ಧ ಕತೆ ಹೇಳುತ್ತಿತ್ತು: FatLoss_Female_12wk_final2.pdf. ಅವರಿಗೆ 52 ವರ್ಷ. ಮನೆ ಹತ್ತಿರದ ಜಿಮ್ಮಿನಲ್ಲಿ ಪರ್ಸನಲ್ ಟ್ರೇನರ್‌ಗೆಂದು ಮೂರು ತಿಂಗಳ ದುಡ್ಡು ಕಟ್ಟಿ ಬಂದಿದ್ದರು. "ನೀನು ಫಿಜಿಯೋ ಅಲ್ವೇನಮ್ಮ, ಒಂದ್ಸಲ ಕಣ್ಣಾಡಿಸು. ನಂಗೆ ಅಂತಲೇ ಕೂತು ಮಾಡಿರೋದಂತೆ" ಅಂದರು.

ನಾನು ನಕ್ಕೆ, ಆದರೆ ಫೈಲಿನ ಹೆಸರೊಂದನ್ನೇ ನೋಡಿ ತೀರ್ಪು ಕೊಡುವುದು ಸರಿಯಲ್ಲ. ಅಚ್ಚು ಇಟ್ಟುಕೊಳ್ಳದ ತರಬೇತುದಾರರೇ ಇಲ್ಲ. ನನ್ನ ಬಳಿಯೂ ಮಂಡಿನೋವಿಗೊಂದು, ಸೊಂಟನೋವಿಗೊಂದು ಇದೆ. ಹೊಸದಾಗಿ ಶುರು ಮಾಡುವ ಇಬ್ಬರಿಗೆ ಮುಕ್ಕಾಲು ಪಾಲು ಒಂದೇ ವ್ಯಾಯಾಮ ಬಂದರೆ ಅದರಲ್ಲಿ ಮೋಸವೇನಿಲ್ಲ. ಉಳಿದ ಕಾಲು ಪಾಲನ್ನು ಎದುರಿಗಿರುವ ಮನುಷ್ಯನ ಅಳತೆಗೆ ತಿದ್ದಿದ್ದಾರೋ ಇಲ್ಲವೋ ಎಂಬುದನ್ನು ನೋಡಬೇಕು.

ಭಾವನ ಚಾರ್ಟಿನಲ್ಲಿ ಬೆಂಚ್ ಪ್ರೆಸ್ ಎದುರು 95, ಡೆಡ್‌ಲಿಫ್ಟ್ ಎದುರು 135 ಎಂದಿತ್ತು. ಕೆಜಿಯೋ ಏನೋ ಬರೆದಿರಲಿಲ್ಲ. ಇವು ಅಮೆರಿಕದ ಜಿಮ್ಮುಗಳ ಸಂಖ್ಯೆಗಳು. ಅಲ್ಲಿನ ಬಾರ್ 45 ಪೌಂಡ್. ಎರಡೂ ಕಡೆ 25ರ ಪ್ಲೇಟ್ ಹಾಕಿದರೆ 95, 45ರ ಪ್ಲೇಟ್ ಹಾಕಿದರೆ 135. ನಮ್ಮಲ್ಲಿ ಬಾರ್ 20 ಕೆಜಿ, ಪ್ಲೇಟುಗಳೂ ಕೆಜಿಯಲ್ಲೇ. ಭಾವನಂಥ ಹೊಸಬರು 95ನ್ನು ಕೆಜಿ ಎಂದುಕೊಂಡರೆ ಗತಿಯೇನು? ಪೌಂಡ್ ಎಂದೇ ಓದಿದರೂ ಅದು 43 ಕೆಜಿ. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತ ಮನುಷ್ಯನಿಗೆ ಮೊದಲ ದಿನಕ್ಕೆ ಅದೂ ಜಾಸ್ತಿಯೇ. ಅವರು ಎಷ್ಟು ಎತ್ತಬಲ್ಲರು ಎಂದು ಯಾರೂ ಎತ್ತಿಸಿ ನೋಡಿರಲೇ ಇಲ್ಲ.

ಅದಕ್ಕಿಂತ ದೊಡ್ಡ ಕೊರತೆ ಪುಟದ ಬಲಗಡೆ ಇತ್ತು. ಹನ್ನೆರಡು ವಾರಕ್ಕೆ ಹನ್ನೆರಡು ಕಾಲಂ, ಎಲ್ಲದರಲ್ಲೂ 3×12, ಅಂದರೆ ಹನ್ನೆರಡು ಸಲದಂತೆ ಮೂರು ಸೆಟ್. ಮೊದಲ ವಾರದ ಕಾಲಮ್ಮನ್ನೂ ಕೊನೆಯದನ್ನೂ ಅದಲುಬದಲು ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಮೂರು ಸೆಟ್ಟಿನ ಈ ಲೆಕ್ಕಕ್ಕೆ ಹಳೆಯ ಚರಿತ್ರೆಯಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಥಾಮಸ್ ಡಿಲಾರ್ಮ್ ಎಂಬ ಸೇನಾ ವೈದ್ಯ ಶಿಕಾಗೋದ ಆಸ್ಪತ್ರೆಯೊಂದರಲ್ಲಿ ಗಾಯಾಳು ಸೈನಿಕರ ಬಡಕಲು ಕಾಲುಗಳಿಗೆ ಭಾರ ಎತ್ತಿಸಿ ಬಲ ತರಿಸುತ್ತಿದ್ದ. 1945ರಲ್ಲಿ ಆ ವಿಧಾನವನ್ನು ಪ್ರಕಟಿಸಿದ. ಮೊದಮೊದಲು ಏಳರಿಂದ ಹತ್ತು ಸೆಟ್ ಮಾಡಿಸುತ್ತಿದ್ದವನು 1948ರ ಹೊತ್ತಿಗೆ ಮೂರು ಸಾಕು ಎಂದ: ಹತ್ತು ಸಲ ಮಾತ್ರ ಎತ್ತಲಾಗುವ ಭಾರದ ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಆ ಪೂರ್ತಿ ಭಾರವನ್ನು ಮತ್ತೆ ಮತ್ತೆ ಅಳೆದು ಏರಿಸುತ್ತ ಹೋಗುವುದೇ ಅವನ ವಿಧಾನದ ಜೀವ. ಜಿಮ್ಮುಗಳು ಮೂರು ಸೆಟ್ಟನ್ನು ಇಟ್ಟುಕೊಂಡವು, ಏರಿಸುವುದನ್ನು ಎಷ್ಟೋ ಕಡೆ ಮರೆತವು.

ಏರಿಸದಿದ್ದರೆ ಏನಾಗುತ್ತದೆ? ಮೊದಲ ಕೆಲವು ವಾರ ಏನೂ ಕೆಟ್ಟದ್ದು ಕಾಣಿಸುವುದಿಲ್ಲ. ಶುರುವಿನಲ್ಲಿ ಬಲ ಹೆಚ್ಚುವುದು ಬಹುಪಾಲು ನರಗಳ ಕಲಿಕೆಯಿಂದ. ಇರುವ ಸ್ನಾಯುವನ್ನೇ ಮಿದುಳು ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುತ್ತದೆ. ಹಾಗಾಗಿ ಎಂಥ ಚಾರ್ಟ್ ಕೊಟ್ಟರೂ ಹೊಸಬರಿಗೆ ಫಲ ಕಂಡಂತಾಗುತ್ತದೆ, ಟ್ರೇನರ್ ಗೆದ್ದಂತೆ ಕಾಣುತ್ತಾರೆ. ಸ್ನಾಯು ಆ ಭಾರಕ್ಕೆ ಒಗ್ಗಿಕೊಂಡ ಮೇಲೆ ಅದಕ್ಕೆ ಬೆಳೆಯುವ ಕಾರಣವೇ ಉಳಿಯುವುದಿಲ್ಲ.

ಕೆಲವು ಚಾರ್ಟುಗಳಲ್ಲಿ ಕೊನೆಗೆ "ಪ್ರತಿ ವಾರ 2.5 ಕೆಜಿ ಹೆಚ್ಚಿಸಿ" ಎಂಬ ಒಂದು ಸಾಲು ಇರುತ್ತದೆ. ಇದೂ ನನಗೆ ಅನುಮಾನದ ಸಾಲೇ. 60 ಕೆಜಿಯ ಲೆಗ್ ಪ್ರೆಸ್‌ಗೆ 2.5 ಸೇರಿಸಿದರೆ ಶೇಕಡಾ ನಾಲ್ಕು ಹೆಚ್ಚಿತು, ಪರವಾಗಿಲ್ಲ. ತೋಳನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮದಲ್ಲಿ 5 ಕೆಜಿ ಡಂಬೆಲ್ ಹಿಡಿದವರಿಗೆ ಅದೇ 2.5 ಎಂದರೆ ಒಂದೇ ಏಟಿಗೆ ಶೇಕಡಾ ಐವತ್ತು. ನಿಜಕ್ಕೂ ಎಣಿಸಿ ಮಾಡಿದ ಚಾರ್ಟು ಹೀಗಿರುತ್ತದೆ: 10 ಕೆಜಿ ಡಂಬೆಲ್ ಎದೆಗೊತ್ತಿ ಬಸ್ಕಿ, ಮೂರು ಸೆಟ್, ಎಂಟರಿಂದ ಹನ್ನೆರಡು ಸಲ, ಇನ್ನೆರಡು ಸಲ ಆಗುತ್ತದೆ ಅನ್ನುವಾಗಲೇ ನಿಲ್ಲಿಸುವುದು. ಮೊದಲ ವಾರ 8, 8, 8. ಮುಂದಿನ ವಾರ 10, 9, 8. ಹೀಗೇ ಹೋಗಿ 12, 12, 12 ಮುಟ್ಟಿದ ದಿನ 12.5ಕ್ಕೆ ಏರಿ ಮತ್ತೆ ಎಂಟರಿಂದ ಶುರು. ಇದಕ್ಕೆ ಪ್ರತಿ ಸಲ ಎಷ್ಟಾಯಿತೆಂದು ಬರೆದಿಡಬೇಕು. ಬರೆಯಲು ಖಾಲಿ ಜಾಗವೇ ಇಲ್ಲದ ಚಾರ್ಟಿನಲ್ಲಿ ಏರಿಸುವ ಯೋಚನೆಯೂ ಇಲ್ಲ ಎಂದೇ ನನ್ನ ಲೆಕ್ಕ. ವಾರಕ್ಕೊಂದು ಹೊಸ ವ್ಯಾಯಾಮ ಕೊಟ್ಟು "ಬಾಡಿಗೆ ಶಾಕ್ ಕೊಡಬೇಕು" ಅನ್ನುವವರದ್ದೂ ಇದೇ ಪಾಡು. ಹಿಂದಿನ ವಾರದ ಜೊತೆ ಹೋಲಿಸಲು ಅಲ್ಲಿ ಏನೂ ಇರುವುದಿಲ್ಲ.

ಇಷ್ಟೇ ಆಗಿದ್ದರೆ ದುಡ್ಡು ದಂಡ ಎಂದು ಸುಮ್ಮನಾಗಬಹುದಿತ್ತು. ನನಗೆ ಗಾಬರಿಯಾದದ್ದು ಬೇರೆ ಕಾರಣಕ್ಕೆ. ಸೇರುವ ದಿನ ಭಾವ ಫಾರಂನಲ್ಲಿ ಎಲ್ಲವನ್ನೂ ಬರೆದಿದ್ದರು: ಬಿಪಿಗೆ ಮೆಟೊಪ್ರೊಲಾಲ್, ಸಕ್ಕರೆಗೆ ಗ್ಲಿಮೆಪಿರೈಡ್, ಎರಡು ವರ್ಷದ ಹಿಂದೆ ಹಿಡಿದುಕೊಂಡ ಎಡ ಭುಜ. ಫಾರಂ ರಿಸೆಪ್ಷನ್ನಿನ ಡ್ರಾಯರ್ ಸೇರಿತ್ತು. ನಾನು ಚಾರ್ಟನ್ನು ಮುಂದಿಟ್ಟುಕೊಂಡು ಫಾರಂನ ಒಂದೊಂದು ಸಾಲಿಗೂ ಅದರಲ್ಲಿ ಏನು ಬದಲಾಗಿದೆ ಎಂದು ಹುಡುಕಿದೆ. ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು. ನಮ್ಮ ಲೆಕ್ಕಕ್ಕೆ ಬಂದ ಉತ್ತರ ಸೊನ್ನೆ.

ಭುಜದ್ದು ಸುಲಭ. ಎಡಗೈ ಹಿಂದಕ್ಕೆ ಹೋಗದವರಿಗೆ ಬಾರನ್ನು ಕತ್ತಿನ ಹಿಂದಿನಿಂದ ಮೇಲೆತ್ತುವ ಪ್ರೆಸ್ ಬರೆದಿದ್ದರು. ನೋವು ಬಂದು ಅವರೇ ಬಿಡುತ್ತಿದ್ದರು. ಮಾತ್ರೆಗಳ ವಿಷಯ ಹಾಗಲ್ಲ, ಅಲ್ಲಿ ನೋವು ಮುಂಚೆ ಹೇಳಿ ಬರುವುದಿಲ್ಲ. ಚಾರ್ಟಿನಲ್ಲಿ "ಟ್ರೆಡ್‌ಮಿಲ್, ಹೃದಯ ಬಡಿತ 143" ಎಂದಿತ್ತು. 220ರಲ್ಲಿ ವಯಸ್ಸು ಕಳೆದು ಶೇಕಡಾ 85 ತೆಗೆದ ಲೆಕ್ಕ. ಮೆಟೊಪ್ರೊಲಾಲ್ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ, ಬಡಿತ ಏರದಂತೆ ತಡೆಯುವುದೇ ಅದರ ಕೆಲಸ. 115ಕ್ಕೇ ಏದುಸಿರು ಬಿಡುತ್ತಿರುವವರು 143 ತೋರಿಸಬೇಕೆಂದು ವೇಗ ಹೆಚ್ಚಿಸುತ್ತ ಹೋದರೆ ಹೃದಯವನ್ನು ಸುಮ್ಮನೆ ಹಿಂಸಿಸಿದಂತೆ. ಇಂಥವರಿಗೆ ಗಡಿಯಾರದ ಸಂಖ್ಯೆ ಬೇಡ. ನಡೆಯುತ್ತ ಎರಡು ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಸಾಕು.

ಇನ್ನೊಂದು ಸಾಲು: "ಬೆಳಿಗ್ಗೆ 5:30, ಖಾಲಿ ಹೊಟ್ಟೆ ಕಾರ್ಡಿಯೋ". ಗ್ಲಿಮೆಪಿರೈಡ್ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ರಾತ್ರಿಯೆಲ್ಲ ಉಪವಾಸ, ಮೇಲೆ ವ್ಯಾಯಾಮ ಎಂದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇಳಿದಾಗ ಎಚ್ಚರಿಸುವುದು ಎದೆಬಡಿತ, ಕೈನಡುಕ, ಬೆವರು. ಮೊದಲೆರಡನ್ನು ಬಿಪಿ ಮಾತ್ರೆ ಅಡಗಿಸಿಬಿಡುತ್ತದೆ. ಉಳಿಯುವುದು ಬೆವರು. ಟ್ರೆಡ್‌ಮಿಲ್ ಮೇಲೆ ಬೆವರು ಕಂಡರೆ ಯಾರು ತಾನೇ ಗಾಬರಿಯಾಗುತ್ತಾರೆ? ಟ್ರೇನರ್ ಶಹಬ್ಬಾಸ್ ಅನ್ನುತ್ತಾರೆ. ಇಂಥ ಮಾತ್ರೆ ನುಂಗುವವರು ಮೊದಲು ಗ್ಲುಕೋಮೀಟರ್ ಚುಚ್ಚಿ ನೋಡಿ, 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದೇ ವ್ಯಾಯಾಮಕ್ಕೆ ಇಳಿಯಬೇಕು. ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರನ್ನೂ ಕೇಳಬೇಕು.

ಶನಿವಾರ ಭಾವನ ಜೊತೆ ನಾನೂ ಹೋದೆ. ಟ್ರೇನರ್ ಇಪ್ಪತ್ತೈದರ ಹುಡುಗ. ಜಗಳಕ್ಕೆ ಬಂದಿದ್ದೇವೆಂದುಕೊಂಡು ಮೊದಲು ಮುಖ ಗಂಟಿಕ್ಕಿದ. "ನಾಲ್ಕನೇ ವಾರ ಇವರು ಏನು ಬೇರೆ ಮಾಡ್ತಾರೆ?" ಎಂದು ಮಾತ್ರ ಕೇಳಿದೆ. ಚಾರ್ಟ್ ನೋಡಿದ, ಇನ್ನೊಮ್ಮೆ ನೋಡಿದ. "ಮೇಡಂ, ಒಂದೊಂದು ಶಿಫ್ಟಿಗೆ ಹದಿನಾಲ್ಕು ಜನ ಬರ್ತಾರೆ. ಫಾರಂ ನನ್ ಕೈಗೇ ಬರಲ್ಲ" ಅಂದ. ಸುಳ್ಳೇನೂ ಇರಲಾರದು. ಭಾವನ ಮಾತ್ರೆಗಳ ವಿಷಯ ಹೇಳಿದೆ. ಆಮೇಲೆ ಭಾವನ ಕಡೆ ತಿರುಗಿ, "ಸರ್, ಆ ಮಾತ್ರೆ ಸ್ಟ್ರಿಪ್ ಜೊತೇಲಿದ್ಯಾ?" ಎಂದು ಕೇಳಿ, ಫೋನ್ ತೆಗೆದು ಎರಡರದ್ದೂ ಫೋಟೋ ಹೊಡೆದುಕೊಂಡ.